ನುಣುಪು ನೆಲದ ಮೇಲೆ ಬೀಳುವ ಕೋಲು

ಒಂದು ಮೀಟರ್ ಉದ್ದದ, ಉದ್ದಕ್ಕೂ ಒಂದೇ ದಪ್ಪದ ಕೋಲನ್ನು ಘರ್ಷಣೆಯೇ ಇಲ್ಲದ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಕೂದಲೆಳೆಯಷ್ಟು ವಾಲಿಸಿ ಕೈಬಿಟ್ಟರೆ ಅದು ಉರುಳುತ್ತದೆ. ಆಗ ಅದರ ನಡುಬಿಂದು ಯಾವ ದಾರಿಯಲ್ಲಿ ಇಳಿಯುತ್ತದೆ? ಕಡಿದ ಮರದಂತೆ ಕಮಾನಾಗಿ ಬೀಳುತ್ತದೆ ಎಂದೇ ಮೊದಲು ತೋರುತ್ತದೆ. ಆದರೆ ಮರದ ಬುಡ ಜಾಗ ಬಿಟ್ಟು ಕದಲುವುದಿಲ್ಲ. ಇಲ್ಲಿ ಬುಡವನ್ನು ಹಿಡಿದಿಡುವುದು ಏನೂ ಇಲ್ಲ.

ಕೋಲಿನ ಮೇಲೆ ಇರುವುದು ಎರಡೇ ಬಲ. ಭೂಮಿ ಅದನ್ನು ಕೆಳಗೆ ಎಳೆಯುತ್ತದೆ, ನೆಲ ಮೇಲಕ್ಕೆ ಒತ್ತುತ್ತದೆ. ಅಡ್ಡಕ್ಕೆ ತಳ್ಳುವ ಬಲವಿಲ್ಲದ ಕಾರಣ, ನಿಂತ ಸ್ಥಿತಿಯಿಂದ ಹೊರಟ ನಡುಬಿಂದು ಪಕ್ಕಕ್ಕೆ ಸರಿಯಲಾರದು. ಅದು ತೂಗುಗುಂಡಿನ ದಾರದಂತೆ ನೇರವಾಗಿ ಕೆಳಗಿಳಿಯುತ್ತದೆ. ಕೋಲು ಮಲಗುವ ಹೊತ್ತಿಗೆ ತುದಿ ಒಂದು ಕಡೆಗೆ 50 ಸೆಂಟಿಮೀಟರ್, ಬುಡ ಎದುರು ಕಡೆಗೆ ಅಷ್ಟೇ ದೂರ ಸರಿದಿರುತ್ತದೆ. ಬೆರಳಿನಿಂದ ಅಡ್ಡಕ್ಕೆ ತಳ್ಳಿ ಬೀಳಿಸಿದರೆ ಮಾತ್ರ ನಡುಬಿಂದುವಿಗೆ ಆ ತಳ್ಳಿನ ಅಡ್ಡವೇಗ ಸೇರಿಕೊಂಡು ದಾರಿ ಬಾಗುತ್ತದೆ.

ವೇಗಕ್ಕೆ ಶಕ್ತಿಯ ಲೆಕ್ಕ ಸಾಕು. ನೆಲ ಒತ್ತುವ ಬಿಂದು ಅಡ್ಡಕ್ಕಷ್ಟೇ ಜಾರುತ್ತದೆ, ಒತ್ತುವ ಬಲವೋ ಲಂಬ. ಹಾಗಾಗಿ ನೆಲ ಶಕ್ತಿಯನ್ನು ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ. ನಡುಬಿಂದು ಇಳಿಯುವುದು ಅರ್ಧ ಮೀಟರ್. ಕಲ್ಲು ಅಷ್ಟೇ ಎತ್ತರದಿಂದ ಬಿದ್ದರೆ ಸೆಕೆಂಡಿಗೆ 3.13 ಮೀಟರ್ ವೇಗ ಬರುತ್ತದೆ. ಕೋಲಿಗೂ ಇದನ್ನೇ ಬರೆದುಬಿಡುವುದು ವಿದ್ಯಾರ್ಥಿಗಳ ಮಾಮೂಲಿ ತಪ್ಪು. ಕೋಲು ಇಳಿಯುವುದರ ಜೊತೆಗೆ ತಿರುಗುತ್ತಲೂ ಇದೆ. ಶಕ್ತಿಯಲ್ಲಿ ತಿರುಗುವಿಕೆಗೂ ಪಾಲು ಹೋಗಬೇಕು.

ಆ ಪಾಲು ಎಷ್ಟು? ಕೋಲು ಪೂರ್ತಿ ಮಲಗುವ ಕ್ಷಣದಲ್ಲಿ ಬುಡದ ಜಾರುವಿಕೆ ನಿಂತಿರುತ್ತದೆ, ಅದರ ವೇಗ ಸೊನ್ನೆ. ಆದ್ದರಿಂದ ನಡುಬಿಂದುವಿನ ವೇಗ v ಆದರೆ ತುದಿಯದು 2v. ಈ ಸ್ಥಿತಿಯಲ್ಲಿ ತಿರುಗುವಿಕೆಯ ಶಕ್ತಿ, ಇಳಿಯುವಿಕೆಯ ಶಕ್ತಿಯ ಮೂರನೇ ಒಂದು ಭಾಗ. ಅಂದರೆ ಒಟ್ಟು ಶಕ್ತಿಯಲ್ಲಿ ಮುಕ್ಕಾಲು ಇಳಿಯುವಿಕೆಗೆ, ಕಾಲು ತಿರುಗುವಿಕೆಗೆ. ಉದ್ದ L ಆದರೆ

v² = 3gL/4

ಒಂದು ಮೀಟರ್ ಕೋಲಿಗೆ v ಸೆಕೆಂಡಿಗೆ ಸುಮಾರು 2.71 ಮೀಟರ್. ತುದಿ ನೆಲಕ್ಕೆ ಬಡಿಯುವುದು 5.42ರ ವೇಗದಲ್ಲಿ. ಒಂದು ಮೀಟರ್ ಎತ್ತರದಿಂದ ಬಿಟ್ಟ ಕಲ್ಲಿನ ವೇಗ 4.43 ಮಾತ್ರ!

ಈ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ: ಬುಡ ನೆಲ ಬಿಟ್ಟು ಎಗರುವುದಿಲ್ಲ ಎಂಬುದು. ಅದು ನಿಜವೇ. ಕೋಲು ಎಷ್ಟೇ ವಾಲಿದ್ದರೂ ನೆಲದ ಒತ್ತು ಸೊನ್ನೆಗೆ ಇಳಿಯುವುದಿಲ್ಲ. ಮಲಗುವ ಕ್ಷಣದಲ್ಲೂ ತೂಕದ ಕಾಲು ಭಾಗದಷ್ಟು ಉಳಿದಿರುತ್ತದೆ.

ಬುಡವನ್ನು ತಿರುಗಣಿಗೆ ಕಟ್ಟಿ ಬೀಳಿಸಿದರೂ ನಡುಬಿಂದು ಕೊನೆಗೆ ಪಡೆಯುವ ವೇಗ ಅದೇ 2.71. ದಾರಿ ಮಾತ್ರ ಬೇರೆ: ಆಗ ನಡುಬಿಂದು ಕಾಲು ವೃತ್ತ ಸುತ್ತಿ ಅರ್ಧ ಮೀಟರ್ ಆಚೆ ಬೀಳುತ್ತದೆ. ಹಾಗಾಗಿ ನೆಲ ಎಷ್ಟು ನುಣುಪು ಎಂದು ತಿಳಿಯಲು ಬಡಿತದ ವೇಗ ಅಳೆದರೆ ಪ್ರಯೋಜನವಿಲ್ಲ. ಕೋಲು ನಿಂತಿದ್ದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಬಿದ್ದ ಗಳಿಗೆಯಲ್ಲಿ ನಡುಬಿಂದು ಅದರಿಂದ ಎಷ್ಟು ದೂರವಿತ್ತು ಎಂದು ನೋಡಬೇಕು. ಗುರುತಿನ ಮೇಲೆಯೇ ಇದ್ದರೆ ಘರ್ಷಣೆ ಇರಲಿಲ್ಲವೆಂದೇ ಲೆಕ್ಕ.