ಟಾನಿಕ್ ವಾಟರ್, ಕ್ವಿನೈನ್ ಮತ್ತು ರಾತ್ರಿಯ ಕಾಲುಸೆಳೆತ

ಟಾನಿಕ್ ವಾಟರ್ ಎಂದರೆ ಸಕ್ಕರೆ, ಹುಳಿ ಮತ್ತು ಒಂದಿಷ್ಟು ಕ್ವಿನೈನ್ ಬೆರೆಸಿದ ಸೋಡಾ. ಅದರ ಕಹಿ ಕ್ವಿನೈನ್‌ನದು. ಸಿಂಕೋನಾ ಮರದ ತೊಗಟೆಯಲ್ಲಿರುವ ಈ ವಸ್ತುವನ್ನು 1820ರಲ್ಲಿ ಫ್ರಾನ್ಸಿನ ಪೆಲೆಟಿಯೆ ಮತ್ತು ಕಾವಂಟು ಬೇರ್ಪಡಿಸಿದರು. ಮಲೇರಿಯಾಕ್ಕೆ ಅದೇ ಮದ್ದಾಗಿದ್ದ ಕಾಲದಲ್ಲಿ ನೀಲಗಿರಿಯಲ್ಲೂ ಸಿಂಕೋನಾ ತೋಟಗಳು ಎದ್ದವು. ಸ್ನಾಯುವಿನ ಉದ್ರೇಕವನ್ನು ತಗ್ಗಿಸುವ ಗುಣ ಕ್ವಿನೈನ್‌ಗೆ ಇದೆ. ಹೀಗಾಗಿ ರಾತ್ರಿ ನಿದ್ದೆಯಲ್ಲಿ ಮೀನಖಂಡ ಕಲ್ಲಿನಂತೆ ಸೆಟೆದುಕೊಳ್ಳುವ ತೊಂದರೆಗೂ ವೈದ್ಯರು ಅದನ್ನು ದಶಕಗಳ ಕಾಲ ಬರೆದುಕೊಟ್ಟರು. ಮಾತ್ರೆಯ ಬದಲು ಮಲಗುವ ಮುನ್ನ ಒಂದು ಲೋಟ ಟಾನಿಕ್ ವಾಟರ್ ಕುಡಿದರೆ ಸಾಕು ಎಂಬ ಮನೆಮದ್ದು ಹುಟ್ಟಿದ್ದೂ ಇಲ್ಲಿಂದಲೇ.

ಈ ಮನೆಮದ್ದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಅಮೆರಿಕದ ನಿಯಮದಂತೆ ಒಂದು ಲೀಟರ್ ಟಾನಿಕ್ ವಾಟರ್‌ನಲ್ಲಿ ಹೆಚ್ಚೆಂದರೆ 83 ಮಿಲಿಗ್ರಾಂ ಕ್ವಿನೈನ್ ಇರಬಹುದು. ಅಂದರೆ 200 ಮಿಲಿಲೀಟರ್ ಲೋಟದಲ್ಲಿ ಸಿಗುವುದು ಸುಮಾರು 17 ಮಿಲಿಗ್ರಾಂ. ಕಾಲುಸೆಳೆತಕ್ಕೆ ಕೊಡುತ್ತಿದ್ದ ಮಾತ್ರೆಯಲ್ಲಿ 200ರಿಂದ 300 ಮಿಲಿಗ್ರಾಂ ಇರುತ್ತಿತ್ತು. 300 ಮಿಲಿಗ್ರಾಂ ಮುಟ್ಟಬೇಕಾದರೆ ಮೂರೂವರೆ ಲೀಟರಿಗೂ ಹೆಚ್ಚು ಕುಡಿಯಬೇಕು. ಅದರೊಂದಿಗೆ ಒಳಹೋಗುವ ಸಕ್ಕರೆಯೇ ಬೇರೆ ತೊಂದರೆ ತರುತ್ತದೆ, ಮಧುಮೇಹಿಗಳಿಗಂತೂ ಹೇಳಲೇಬೇಕಿಲ್ಲ.

ಮಾತ್ರೆಯಿಂದಾದರೂ ಉಪಯೋಗವಿದೆಯೇ? ಇದೆ, ಆದರೆ ಅಲ್ಪ. ಕಾಕ್ರೇನ್ ಸಂಸ್ಥೆ 2015ರಲ್ಲಿ ಪರಿಷ್ಕರಿಸಿದ ಸಮೀಕ್ಷೆಯು 23 ಪ್ರಯೋಗಗಳನ್ನು ಒಟ್ಟಾಗಿ ನೋಡಿತು. ಹುಸಿಮಾತ್ರೆಗೆ ಹೋಲಿಸಿದರೆ ಎರಡು ವಾರಗಳಲ್ಲಿ ಸೆಳೆತಗಳ ಸಂಖ್ಯೆ ಶೇ. 28ರಷ್ಟು, ನೋವಿನ ತೀವ್ರತೆ ಶೇ. 10ರಷ್ಟು ಇಳಿದಿತ್ತು. ಒಂದೊಂದು ಸೆಳೆತ ಎಷ್ಟು ಹೊತ್ತು ಇರುತ್ತದೆ ಎಂಬುದರಲ್ಲಿ ಮಾತ್ರ ಬದಲಾವಣೆಯಿರಲಿಲ್ಲ. ಜೀವಕ್ಕೆ ಅಪಾಯವಿಲ್ಲದ ತೊಂದರೆಯಲ್ಲಿ ಸಿಗುವ ಇಷ್ಟು ಲಾಭಕ್ಕಾಗಿ ಹೃದಯವನ್ನು ಅಪಾಯಕ್ಕೆ ಒಡ್ಡಬೇಕೇ ಎಂಬುದೇ ಮುಖ್ಯ ಪ್ರಶ್ನೆ.

ಪ್ರತಿ ಬಡಿತದ ನಂತರ ಹೃದಯದ ಜೀವಕೋಶಗಳು ಮುಂದಿನ ಬಡಿತಕ್ಕೆ ಅಣಿಯಾಗಬೇಕು. ಅದಕ್ಕಾಗಿ ಒಳಗಿನ ಪೊಟ್ಯಾಸಿಯಂ ಸೂಕ್ಷ್ಮ ದ್ವಾರಗಳ ಮೂಲಕ ಹೊರಹರಿಯುತ್ತದೆ. ಕ್ವಿನೈನ್ ಈ ದ್ವಾರಗಳಿಗೆ ಅಡ್ಡಿಯಾಗುತ್ತದೆ. ಆಗ ಅಣಿಯಾಗುವ ಅವಧಿ ಹಿಗ್ಗುತ್ತದೆ. ಇಸಿಜಿಯಲ್ಲಿ ಇದು ಕ್ಯೂಟಿ ಅಂತರವಾಗಿ ಕಾಣಿಸುತ್ತದೆ. ಬಡಿತದ ವೇಗಕ್ಕೆ ಸರಿಹೊಂದಿಸಿದ ಈ ಅಂತರ 500 ಮಿಲಿಸೆಕೆಂಡ್ ದಾಟಿತೆಂದರೆ ಅಪಾಯ ಸ್ಪಷ್ಟ. ಹೃದಯದ ಕೆಳಕೋಣೆಗಳು ಲಯತಪ್ಪಿ ಅತಿವೇಗವಾಗಿ ಬಡಿದುಕೊಳ್ಳಬಹುದು. ರೋಗಿ ಎಚ್ಚರತಪ್ಪಿ ಬೀಳಬಹುದು, ಪ್ರಾಣವೂ ಹೋಗಬಹುದು. ಪ್ರಮಾಣ ಹೆಚ್ಚಿದಷ್ಟೂ ಈ ಪರಿಣಾಮ ಹೆಚ್ಚು. ಲಯದೋಷಕ್ಕೆ ಕೊಡುವ ಕ್ವಿನಿಡಿನ್ ಇದೇ ಕ್ವಿನೈನ್‌ನ ಹತ್ತಿರದ ಬಂಧು ಎಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ.

ಎಪ್ಪತ್ತು ದಾಟಿದ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳಬಹುದು. ರಕ್ತದೊತ್ತಡಕ್ಕೆ ಆಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಾರೆ. ಅದರಿಂದ ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿದೆ. ಸೆಳೆತಕ್ಕೆಂದು ರಾತ್ರಿಗೊಂದು ಕ್ವಿನೈನ್ ಮಾತ್ರೆ ಸೇರುತ್ತದೆ. ಯುವಕರಲ್ಲಿ ಸುಮಾರು 11 ಗಂಟೆಯಲ್ಲಿ ಅರ್ಧಕ್ಕಿಳಿಯುವ ಕ್ವಿನೈನ್ ಇಳಿವಯಸ್ಸಿನಲ್ಲಿ 18 ಗಂಟೆ ತೆಗೆದುಕೊಳ್ಳಬಹುದು. ಹಾಗಾಗಿ ನಿನ್ನೆಯದು ಪೂರ್ತಿ ಕರಗುವ ಮೊದಲೇ ಇಂದಿನದು ಸೇರಿಕೊಳ್ಳುತ್ತದೆ. ಇದರ ನಡುವೆ ಕೆಮ್ಮು, ಕಫ ಬಂದು ಕ್ಲಾರಿಥ್ರೊಮೈಸಿನ್ ಶುರುವಾದರೆ, ಅದೂ ಕ್ಯೂಟಿ ಅಂತರವನ್ನು ಹಿಗ್ಗಿಸುವ ಔಷಧವೇ. ಒಂದೊಂದೇ ಆಗಿದ್ದರೆ ಹೃದಯ ತಾಳಿಕೊಳ್ಳುತ್ತಿತ್ತೇನೋ, ಮೂರೂ ಒಟ್ಟಾದಾಗ ಎದೆ ಡವಗುಟ್ಟುವುದು, ಕಣ್ಣು ಕತ್ತಲೆ ಕಟ್ಟುವುದು, ಕುಸಿದು ಬೀಳುವುದು ಆಗಬಹುದು. ಇಂಥ ಲಕ್ಷಣ ಕಂಡರೆ ತಡಮಾಡದೆ ಇಸಿಜಿ ಮಾಡಿಸಬೇಕು.

ಇಂಥ ಕಾರಣಗಳಿಂದಲೇ ಅಮೆರಿಕದ ಎಫ್‌ಡಿಎ ಮಲೇರಿಯಾಕ್ಕೆ ಮಾತ್ರ ಕ್ವಿನೈನ್‌ಗೆ ಒಪ್ಪಿಗೆ ಉಳಿಸಿಕೊಂಡು, ಅನುಮತಿಯಿಲ್ಲದ ಉಳಿದ ಮಾತ್ರೆಗಳನ್ನು 2006ರಲ್ಲಿ ಮಾರುಕಟ್ಟೆಯಿಂದ ತೆಗೆಸಿತು. ಬ್ರಿಟನ್‌ನಲ್ಲಿ ಅದು ಇನ್ನೂ ಸಿಗುತ್ತದೆ, ಆದರೆ ಬೇರೆ ಉಪಾಯಗಳು ಫಲಿಸದಿದ್ದಾಗ ಮಾತ್ರ.

ಆರೋಗ್ಯವಂತರು ಅಪರೂಪಕ್ಕೆ ಕುಡಿಯುವ ಒಂದು ಲೋಟ ಟಾನಿಕ್ ವಾಟರ್ ಲಯ ಕೆಡಿಸುವಷ್ಟು ಪ್ರಬಲವಲ್ಲ. ಹುಟ್ಟಿನಿಂದಲೇ ಕ್ಯೂಟಿ ಅಂತರ ದೀರ್ಘವಿರುವವರು, ಇಂಥ ಔಷಧಗಳಲ್ಲಿರುವವರು ಅದನ್ನೂ ಬಿಡುವುದು ಲೇಸು. ಕೆಲವರ ದೇಹ ಕ್ವಿನೈನ್ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡು ತನ್ನದೇ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುತ್ತದೆ. ಅಂಥವರಿಗೆ ಲೋಟದಲ್ಲಿರುವಷ್ಟೇ ಸಾಕು: ಚರ್ಮದ ಮೇಲೆ ಕೆಂಪು ಚುಕ್ಕೆ, ಒಸಡಿನಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ಒಮ್ಮೆ ಹೀಗಾದವರು ಜೀವನಪೂರ್ತಿ ಕ್ವಿನೈನ್ ಮುಟ್ಟಬಾರದು.

ಸೆಳೆತ ಹಿಡಿದ ಕ್ಷಣದಲ್ಲಿ ಮೊಣಕಾಲನ್ನು ನೇರವಾಗಿಟ್ಟು ಪಾದದ ಬೆರಳುಗಳನ್ನು ಮೊಣಕಾಲಿನತ್ತ ಎಳೆದುಕೊಂಡರೆ ಸ್ನಾಯು ಸಡಿಲಗೊಳ್ಳುತ್ತದೆ. 2012ರಲ್ಲಿ ಪ್ರಕಟವಾದ ಡಚ್ ಪ್ರಯೋಗವೊಂದರಲ್ಲಿ, ಮಲಗುವ ಮುನ್ನ ಮೀನಖಂಡ ಮತ್ತು ತೊಡೆಯ ಹಿಂಭಾಗವನ್ನು ಆರು ವಾರ ಹಿಗ್ಗಿಸಿದ ಹಿರಿಯರಲ್ಲಿ ಸೆಳೆತ ಕಡಿಮೆಯಾಯಿತು. ಆದರೂ ಪದೇ ಪದೇ ಕಾಡಿದರೆ, ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ, ಪೊಟ್ಯಾಸಿಯಂ ಮತ್ತು ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಬೇಕು.