ಕೂಡಿ ಕೊಟ್ಟ ಉಡುಗೊರೆಗೆ ಮರುವೋಲೆ

ನಮ್ಮ ಸೀಮೆಯ ಮದುವೆಮನೆಗಳಲ್ಲಿ ಮುಯ್ಯಿ ಬರೆಯುವ ಪದ್ಧತಿಯುಂಟು. ಚಪ್ಪರದ ಒಂದು ಮಗ್ಗುಲಲ್ಲಿ ಪುಸ್ತಕ ಹಿಡಿದು ಕುಳಿತವರು, ಯಾರು ಎಷ್ಟು ಕೊಟ್ಟರೆಂಬುದನ್ನು ಹೆಸರುಸಹಿತ ಬರೆದುಕೊಳ್ಳುತ್ತಾರೆ. ಮುಂದೆ ಕೊಟ್ಟವರ ಮನೆಯಲ್ಲಿ ಶುಭಕಾರ್ಯ ನಡೆದಾಗ ಆ ಪುಸ್ತಕವನ್ನು ತೆರೆದು ನೋಡಿ, ಅದಕ್ಕೆ ಕಡಮೆಯಾಗದಂತೆ ಹಿಂದಿರುಗಿಸುವುದು ಮರ್ಯಾದೆ. ಅಲ್ಲಿ ಲೆಕ್ಕವಿಡುವುದು ತಪ್ಪಲ್ಲ. ಲೆಕ್ಕವೇ ಆ ಪದ್ಧತಿಯ ಜೀವಾಳ. ಆದರೆ ಹತ್ತಾರು ಮಂದಿ ಮಿತ್ರರು ಹಣ ಕೂಡಿಸಿ ಒಂದೇ ವಸ್ತುವನ್ನು ತಂದುಕೊಟ್ಟಾಗ ಮಾತು ಬೇರೆ. ಯಾರ ಪಾಲು ಎಷ್ಟೆಂಬುದು ಕಾಣದೆ ಹೋಗಲೆಂದೇ ಅವರು ಹಣವನ್ನು ಒಟ್ಟುಗೂಡಿಸಿರುತ್ತಾರೆ. ಇಂಥ ಉಡುಗೊರೆಗೆ ನಾವು ಬರೆಯುವ ಉತ್ತರವು ಆ ಮರೆಯನ್ನು ಕಾಪಾಡಬೇಕು.

ಇದನ್ನು ನಾನು ಕಲಿತದ್ದು ತಪ್ಪುಮಾಡಿ. ಕೆಲವು ವರ್ಷಗಳ ಹಿಂದೆ ನನಗೆ ಬೇರೆ ಊರಿನ ಕಾಲೇಜಿಗೆ ವರ್ಗವಾಯಿತು. ಹಳೆಯ ಕಾಲೇಜಿನ 14 ಮಂದಿ ಸೇರಿ ನನಗೊಂದು ಸಾಗುವಾನಿಯ ಬರೆಯುವ ಮೇಜನ್ನು ಕೊಟ್ಟರು. ಹೊಸ ಊರಿಗೆ ಹೋದೊಡನೆ ನಾನು ಪತ್ರ ಬರೆದೆ. ಹಿರಿಯ ಅಧ್ಯಾಪಕರು ಮೂವರ ಹೆಸರನ್ನು ಹೇಳಿ, ‘ಇವರಿಗೂ ಇತರರಿಗೂ ನಾನು ಚಿರಋಣಿ, ಈ ಋಣವನ್ನು ಹೇಗೆ ತೀರಿಸಲಿ?’ ಎಂದು ಮುಗಿಸಿದೆ. ಮುಂದೊಮ್ಮೆ ಆ ಊರಿಗೆ ಹೋದಾಗ ಗ್ರಂಥಾಲಯದ ಜವಾನನು ನಗುತ್ತಲೇ ಕೇಳಿದ: ‘ಆ ಇತರರಲ್ಲಿ ನಾನೂ ಇದ್ದೇನಲ್ಲವೆ, ಸ್ವಾಮಿ?’ ಮೇಜಿಗೆ ಗೋಣಿತಾಟು ಸುತ್ತಿ, ಮೂಲೆ ಮುಕ್ಕಾಗದಂತೆ ಲಾರಿಗೆ ಏರಿಸಿದವನು ಆತನೇ. ನನಗೆ ಉತ್ತರ ತೋಚಲಿಲ್ಲ.

ಆ ಪತ್ರದಲ್ಲಿ ಎರಡು ದೋಷಗಳಿದ್ದುವು. ಮೊದಲನೆಯದು ‘ಇತರರು’ ಎಂಬ ಮಾತು. ಹೆಸರುಗಳನ್ನು ಬರೆಯುವುದಾದರೆ ಎಲ್ಲವನ್ನೂ ಅಕ್ಷರಾನುಕ್ರಮದಲ್ಲಿ ಬರೆಯಬೇಕು. ಇಲ್ಲವೆ ಯಾವುದನ್ನೂ ಬರೆಯಬಾರದು. ಕೆಲವನ್ನು ಮಾತ್ರ ಬರೆದರೆ, ಹೆಚ್ಚು ಕೊಟ್ಟವರು ಇವರೇ ಎಂದು ಓದುವವರು ಊಹಿಸುತ್ತಾರೆ. ಎರಡನೆಯದು ‘ಋಣ’ ಎಂಬ ಮಾತು. ಇದು ನಮ್ಮಲ್ಲಿ ವಿನಯದ ವಾಡಿಕೆಯೇ ಹೌದು. ಆದರೆ ‘ತೀರಿಸಲಿ’ ಎಂಬುದು ಅದರ ಜೊತೆಗೆ ಸೇರಿದೊಡನೆ ಸ್ನೇಹದ ಕಾಣಿಕೆ ಮತ್ತೆ ಮುಯ್ಯಿಯ ಪುಸ್ತಕಕ್ಕೆ ಹೋಗಿ ಸೇರುತ್ತದೆ. ಅಲ್ಪವನ್ನು ಕೊಟ್ಟವನಿಗೆ ಅದು ಸಂಕೋಚ. ಅಧಿಕವನ್ನು ಕೊಟ್ಟವನಿಗೆ ಅದು ಮುಜುಗರ. ‘ಇಷ್ಟು ಖರ್ಚು ಏಕೆ ಮಾಡಿದಿರಿ?’ ಎಂಬ ಉಪಚಾರದ ಮಾತೂ ಇದೇ ಜಾತಿಯದು. ಅದು ವಸ್ತುವನ್ನು ಬಿಟ್ಟು ಬೆಲೆಯ ಕಡೆಗೆ ಬೆರಳು ತೋರಿಸುತ್ತದೆ.

ಹಾಗಾದರೆ ಬರೆಯತಕ್ಕದ್ದೇನು? ವಸ್ತುವನ್ನು ಹೆಸರಿಸಿ, ಅದು ಈಗ ಎಲ್ಲಿದೆ, ಯಾವ ಉಪಯೋಗಕ್ಕೆ ಬಂದಿದೆ ಎಂಬುದನ್ನು ಹೇಳಬೇಕು. ಆದುದರಿಂದ ಉಡುಗೊರೆ ಕೈಸೇರಿದ ದಿನವೇ ಬರೆಯುವುದಕ್ಕಿಂತ, ನಾಲ್ಕು ದಿನ ಬಳಸಿ, ವಾರದೊಳಗೆ ಬರೆಯುವುದು ಲೇಸು. ಹಣದ ಪಾಲನ್ನು ಹೆಸರಿಸಬಾರದಾದರೂ ಶ್ರಮವನ್ನು ಹೆಸರಿಸಬಹುದು. ಓಡಾಡಿದವರನ್ನು ನೆನೆದರೆ ಯಾರಿಗೂ ನೋವಾಗದು. ಹಿರಿಯರೂ ಕಿರಿಯರೂ ಕೂಡಿರುವುದರಿಂದ ‘ಆಶೀರ್ವಾದ’ವೂ ಸಲ್ಲದು, ‘ಸಾಷ್ಟಾಂಗ’ವೂ ಸಲ್ಲದು, ‘ನಮಸ್ಕಾರ’ವು ಎಲ್ಲರಿಗೂ ಸಲ್ಲುತ್ತದೆ. ಆ ಊರಿನಿಂದ ಹಿಂದಿರುಗಿ ನಾನು ಬರೆದ ಎರಡನೆಯ ಪತ್ರ ಹೀಗಿತ್ತು:

‘ಪೂಜ್ಯರೂ ಪ್ರಿಯರೂ ಆದ ಮಿತ್ರರಿಗೆ ನಮಸ್ಕಾರಗಳು. ತಾವೆಲ್ಲರೂ ಸೇರಿ ಕೊಟ್ಟ ಮೇಜು ನಮ್ಮ ಮನೆಯ ಪೂರ್ವದ ಕಿಟಕಿಯ ಬಳಿ ಇದೆ. ಬೆಳಗ್ಗೆ ಅದರ ಮೇಲೆ ಪಾಠದ ಟಿಪ್ಪಣಿ ಬರೆಯುತ್ತೇನೆ. ಸಂಜೆ ಅದು ಮಕ್ಕಳ ವಶವಾಗುತ್ತದೆ. ತೊಡೆಯ ಮೇಲೆ ಹಲಗೆಯಿಟ್ಟು ಬರೆಯುತ್ತಿದ್ದ ನನ್ನ ಬೆನ್ನುನೋವನ್ನು ತಾವು ನೆನಪಿನಲ್ಲಿಟ್ಟಿದ್ದಿರೆಂಬುದು ನನಗೆ ಮೇಜಿಗಿಂತ ದೊಡ್ಡದು. ಗ್ರಂಥಾಲಯದ ನಮ್ಮ ಮಿತ್ರರು ಅದನ್ನು ಕಟ್ಟಿದ ರೀತಿಯಿಂದ ಒಂದು ಗೀರೂ ಬೀಳದೆ ಬಂದು ಸೇರಿತು. ಹಿಂದಿನ ಪತ್ರದಲ್ಲಿ ಇದನ್ನು ಹೇಳದೆ ಹೋದದ್ದು ನನ್ನ ತಪ್ಪು. ಈ ಕಡೆಗೆ ಬಂದವರು ಮೇಜನ್ನು ನೋಡದೆ ಹೋಗಬಾರದು. ಇತಿ, ತಮ್ಮ ವಿಶ್ವಾಸದ—’

ಇಂಥ ಪತ್ರವನ್ನು ಹಣ ಕೂಡಿಸಿದವರೊಬ್ಬರಿಗೆ ಕಳುಹಿಸಿ, ಎಲ್ಲರಿಗೂ ತೋರಿಸುವಂತೆ ಕೋರಬಹುದು. ಊರು ಬಿಟ್ಟುಹೋದವರಿಗೆ ಪ್ರತಿಯೊಂದನ್ನು ಬೇರೆಯಾಗಿ ಕಳುಹಿಸಬೇಕು. ಕೂಡಿಸಿದ್ದರ ಜೊತೆಗೆ ಯಾರಾದರೂ ತಮ್ಮದೇ ಆದ ಕಾಣಿಕೆಯನ್ನೂ ಕೊಟ್ಟಿದ್ದರೆ, ಅದಕ್ಕೆ ಪ್ರತ್ಯೇಕ ಪತ್ರ. ಎಲ್ಲರೂ ಓದುವ ಪತ್ರದಲ್ಲಿ ಅದರ ಸುದ್ದಿ ಬೇಡ. ಹಣದ ಪಟ್ಟಿ ಅಕಸ್ಮಾತ್ತಾಗಿ ನಮ್ಮ ಕೈಗೆ ಬಂದರೆ ಅದನ್ನು ಓದದೆ ಮಡಿಸಿ ಹಿಂದಕ್ಕೆ ಕೊಡುವುದೇ ಸರಿ. ಓದಿದರೆ, ಆಮೇಲೆ ಎಷ್ಟು ಎಚ್ಚರದಿಂದ ಬರೆದರೂ ಲೇಖನಿ ಪಟ್ಟಿಯ ಮೇಲುಗಡೆಯ ಹೆಸರುಗಳತ್ತಲೇ ಬಾಗುತ್ತದೆ.

ಆ ಜವಾನನು ಮರುವರ್ಷ ನಮ್ಮ ಮನೆಗೆ ಬಂದಿದ್ದ. ಮೇಜಿನ ಮೂಲೆಯನ್ನು ಕೈಯಿಂದ ಸವರಿ ನೋಡಿ, ‘ಗೀರು ಬಿದ್ದಿಲ್ಲ’ ಎಂದು ಹೇಳಿ ಕಾಫಿಗೆ ಕುಳಿತ.