ಬ್ಯಾಕಪ್ ಇದೆ ಅಂದುಕೊಂಡವರ ರಾತ್ರಿ

2017ರ ಜನವರಿ 31. ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ತಾಣದ ಡೇಟಾಬೇಸ್ ಆಗ ಎರಡು ಸರ್ವರ್‌ಗಳಲ್ಲಿತ್ತು. ಒಂದು ಮುಖ್ಯ, ಇನ್ನೊಂದು ಅದರ ನಕಲು. ಒತ್ತಡ ಹೆಚ್ಚಾಗಿ ನಕಲು ಹಿಂದೆ ಬಿದ್ದಿತ್ತು. ಅದನ್ನು ಖಾಲಿ ಮಾಡಿ ಹೊಸದಾಗಿ ತುಂಬಿಸಲು ತಡರಾತ್ರಿಯವರೆಗೂ ಕೂತಿದ್ದ ಎಂಜಿನಿಯರ್ ಒಬ್ಬರು `rm -rf` ಕೊಟ್ಟರು. ತಾವು ಅಳಿಸುತ್ತಿರುವುದು ಮುಖ್ಯ ಸರ್ವರ್ ಎಂದು ಒಂದೆರಡು ಸೆಕೆಂಡಿನಲ್ಲೇ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ.

ಕೈತಪ್ಪು ಯಾರಿಗಾದರೂ ಆಗುತ್ತದೆ. ನಿಜವಾದ ಆಘಾತ ಕಾದಿದ್ದು ಬ್ಯಾಕಪ್ ಹುಡುಕಲು ಹೊರಟಾಗ. ದಿನಕ್ಕೊಮ್ಮೆ ಬ್ಯಾಕಪ್ ತೆಗೆದಿಡಬೇಕಿದ್ದ ಜಾಗ ಖಾಲಿ ಇತ್ತು. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6 ಆಗಿದ್ದರೆ, ಬ್ಯಾಕಪ್ ತೆಗೆಯುವ `pg_dump` ಹಳೆಯ 9.2 ಆವೃತ್ತಿಯದು. ಹೀಗಾಗಿ ಅದು ಪ್ರತಿ ಸಲವೂ ಸೋಲುತ್ತಿತ್ತು. ಸೋತೆನೆಂದು ಅದು ಕಳಿಸುತ್ತಿದ್ದ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಕ್ಲೌಡ್ ಡಿಸ್ಕ್‌ನ ಸ್ನ್ಯಾಪ್‌ಶಾಟ್ ಸೌಲಭ್ಯವನ್ನು ಡೇಟಾಬೇಸ್ ಸರ್ವರ್‌ಗಳಿಗೆ ಚಾಲೂ ಮಾಡಿಯೇ ಇರಲಿಲ್ಲ. ಆರು ಗಂಟೆ ಮೊದಲು ಬೇರೇನೋ ಕೆಲಸಕ್ಕೆ ಒಬ್ಬರು ತೆಗೆದಿಟ್ಟಿದ್ದ ಪ್ರತಿಯೊಂದು ಸಿಕ್ಕಿದ್ದು ಪುಣ್ಯ. ತಾಣ ಮತ್ತೆ ನಿಂತುಕೊಳ್ಳಲು ಸುಮಾರು 18 ಗಂಟೆ ಹಿಡಿಯಿತು. ನಡುವಿನ ಆರು ಗಂಟೆಗಳ ಮಾಹಿತಿ ಹೋದದ್ದು ಹೋಯಿತು. ಈ ವಿವರಗಳನ್ನೆಲ್ಲ ಕಂಪನಿಯೇ ಬಹಿರಂಗವಾಗಿ ಬರೆದುಕೊಂಡಿದ್ದರಿಂದಲೇ ಇವತ್ತು ನಮಗೆ ಗೊತ್ತು. ಅದು ದೊಡ್ಡ ಮನಸ್ಸಿನ ಕೆಲಸ.

ಹೊಸದಾಗಿ ಶುರುವಾದ ಸ್ಟಾರ್ಟಪ್‌ಗಳಲ್ಲಿ ಈ ಚರ್ಚೆ ಸಾಮಾನ್ಯ: ಕ್ಲೌಡ್‌ನಲ್ಲಿ ವರ್ಚುವಲ್ ಮಷೀನ್ ಬಾಡಿಗೆಗೆ ಹಿಡಿದು ಡೇಟಾಬೇಸನ್ನು ನಾವೇ ಹಾಕಿಕೊಳ್ಳೋಣವೇ, ಅಮೆಜಾನ್ ಆರ್‌ಡಿಎಸ್ ಅಥವಾ ಗೂಗಲ್ ಕ್ಲೌಡ್ ಎಸ್‌ಕ್ಯೂಎಲ್‌ನಂಥ ಮ್ಯಾನೇಜ್ಡ್ ಸೇವೆ ತೆಗೆದುಕೊಳ್ಳೋಣವೇ? ಡೇಟಾಬೇಸ್ ಹಾಕಿಕೊಳ್ಳುವುದು ಅರ್ಧ ಗಂಟೆಯ ಕೆಲಸ, ಅದಕ್ಕೆ ಯಾರೂ ದುಡ್ಡು ಕೊಡಬೇಕಿಲ್ಲ. ದುಡ್ಡು ಕೊಡುವುದು ಗಿಟ್‌ಲ್ಯಾಬ್‌ನಲ್ಲಿ ಸದ್ದಿಲ್ಲದೆ ನಿಂತುಹೋಗಿದ್ದ ಆ ಕೆಲಸಕ್ಕೆ. ಆರ್‌ಡಿಎಸ್‌ನಲ್ಲಿ ಬ್ಯಾಕಪ್ ತಾನಾಗಿಯೇ ನಡೆಯುತ್ತದೆ, 35 ದಿನಗಳವರೆಗೂ ಉಳಿಸಿಕೊಳ್ಳಬಹುದು. ಆ ಅವಧಿಯೊಳಗಿನ ಯಾವ ಕ್ಷಣಕ್ಕೆ ಬೇಕಾದರೂ ಹಿಂದಿರುಗಬಹುದು. ತೀರಾ ಇತ್ತೀಚಿನ ಸುಮಾರು ಐದು ನಿಮಿಷ ಮಾತ್ರ ಕೈಗೆ ಸಿಗದಿರಬಹುದು.

ಹಾಗಂತ ಎಲ್ಲ ಚಿಂತೆಯೂ ತೀರಿತೆಂದಲ್ಲ. ಮೂವರೇ ಇರುವ ಒಂದು ಕಂಪನಿಯನ್ನು ಊಹಿಸಿಕೊಳ್ಳಿ. ಮಧ್ಯಾಹ್ನ 12 ಗಂಟೆಗೆ ಒಬ್ಬರು `WHERE` ಬರೆಯುವುದನ್ನು ಮರೆತು `DELETE` ಓಡಿಸುತ್ತಾರೆ, ಆರ್ಡರ್‌ಗಳ ಪಟ್ಟಿ ಪೂರ್ತಿ ಖಾಲಿ. ಹೆಚ್ಚುವರಿ ಹಣ ಕೊಟ್ಟು ಇನ್ನೊಂದು ಕಟ್ಟಡದಲ್ಲಿ ಇಟ್ಟುಕೊಂಡಿದ್ದ ನಕಲು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅಳಿಸಿದ್ದು ಆ ಕ್ಷಣವೇ ಅಲ್ಲಿಯೂ ಅಳಿಸಿಹೋಗುತ್ತದೆ. ಮುಖ್ಯ ಯಂತ್ರ ಕೆಟ್ಟಾಗ ಒಂದೆರಡು ನಿಮಿಷದಲ್ಲಿ ಕೆಲಸ ವಹಿಸಿಕೊಳ್ಳುವುದಷ್ಟೇ ಅದರ ಪಾಲು. ಇಲ್ಲಿ 11:59ರ ಸ್ಥಿತಿಗೆ ಮರಳಬೇಕು. ಸೇವೆ ಆ ಹೊತ್ತಿನ ಡೇಟಾಬೇಸನ್ನು ಹಳೆಯದರ ಮೇಲೆ ಬರೆಯುವುದಿಲ್ಲ, ಬೇರೊಂದು ವಿಳಾಸದಲ್ಲಿ ಹೊಸದಾಗಿ ಎಬ್ಬಿಸುತ್ತದೆ. ಅಲ್ಲಿಂದ ಆರ್ಡರ್‌ಗಳನ್ನು ತಂದು, 12ರ ನಂತರ ಬಂದ ಹೊಸ ಆರ್ಡರ್‌ಗಳ ಜತೆ ಸೇರಿಸುವ ಕೆಲಸ ಕಂಪನಿಯದೇ. ನಿಧಾನವಾಗಿ ಓಡುವ ಕ್ವೆರಿಗಳನ್ನೂ ಯಾವ ಸೇವೆಯೂ ನಿಮ್ಮ ಪರವಾಗಿ ತಿದ್ದಿಕೊಡುವುದಿಲ್ಲ. ಜತೆಗೆ ಸರ್ವರ್‌ನೊಳಗೆ ಲಾಗಿನ್ ಆಗುವಂತಿಲ್ಲ, ಅವರು ಒಪ್ಪದ ಎಕ್ಸ್‌ಟೆನ್ಷನ್ ಹಾಕುವಂತಿಲ್ಲ.

ಬೆಲೆಯ ಮಾತಿಗೆ ಬಂದರೆ, ಅಷ್ಟೇ ಗಾತ್ರದ ವರ್ಚುವಲ್ ಮಷೀನ್‌ಗಿಂತ ಆರ್‌ಡಿಎಸ್ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಪಟ್ಟು ದುಬಾರಿ. ನಕಲು ಬೇಕೆಂದರೆ ಅದು ಮತ್ತೆ ಇಮ್ಮಡಿ. ಡೇಟಾಬೇಸ್ ಚಿಕ್ಕದಿರುವಾಗ ಈ ವ್ಯತ್ಯಾಸ ತಿಂಗಳಿಗೆ ಕೆಲವೇ ಸಾವಿರ ರೂಪಾಯಿ. ಎಂಜಿನಿಯರ್ ಒಬ್ಬರ ಒಂದೆರಡು ದಿನದ ಸಂಬಳಕ್ಕೆ ಹೋಲಿಸಿದರೆ ವಾದಿಸುವಷ್ಟೇನೂ ಇಲ್ಲ. ಆದ್ದರಿಂದ ಡೇಟಾಬೇಸನ್ನೇ ನೋಡಿಕೊಳ್ಳುವ ಜನ ಇಲ್ಲದ ಕಡೆ ಮ್ಯಾನೇಜ್ಡ್ ಸೇವೆಯೇ ಸರಿ. ಬಿಲ್ಲು ಲಕ್ಷಗಳಿಗೆ ಏರಿ, ಆ ಉಳಿತಾಯದಲ್ಲಿ ಅನುಭವಿಗಳನ್ನೇ ನೇಮಿಸಿಕೊಳ್ಳಬಹುದು ಎನ್ನುವಾಗ ಲೆಕ್ಕ ತಿರುಗುತ್ತದೆ. ಗಿಟ್‌ಲ್ಯಾಬ್ 2018ರಲ್ಲಿ ಗೂಗಲ್ ಕ್ಲೌಡ್‌ಗೆ ಹೋದ ಮೇಲೂ ಪೋಸ್ಟ್‌ಗ್ರೆಸ್ಸನ್ನು ವರ್ಚುವಲ್ ಮಷೀನ್‌ಗಳ ಮೇಲೆ ತಾನೇ ನಡೆಸಿತು. ಅದಕ್ಕೆ ಬೇಕಾದ ತಂಡ ಅದರ ಬಳಿ ಇತ್ತು.

ಸ್ವಂತವಾಗಿಯೇ ನಡೆಸುತ್ತೇವೆ ಎನ್ನುವವರು `pgBackRest`ನಂಥ ಸಾಧನದಿಂದ ಬ್ಯಾಕಪ್ಪನ್ನೂ ಬದಲಾವಣೆಗಳ ಲಾಗನ್ನೂ ಇನ್ನೊಂದು ಜಾಗಕ್ಕೆ ಸಾಗಿಸುತ್ತಿರಬೇಕು. ಬ್ಯಾಕಪ್ ಸೋತಾಗ ಬರುವ ಸಂದೇಶವನ್ನಷ್ಟೇ ನಂಬಿ ಕೂರುವಂತಿಲ್ಲ, ಆ ಸಂದೇಶವೇ ದಾರಿಯಲ್ಲಿ ಕಳೆದುಹೋಗಬಹುದು. ವಾರಕ್ಕೊಮ್ಮೆ ಖಾಲಿ ಮಷೀನ್ ಒಂದರಲ್ಲಿ ಬ್ಯಾಕಪ್ಪಿನಿಂದ ಡೇಟಾಬೇಸ್ ಎಬ್ಬಿಸಿ, ಎಷ್ಟು ಹೊತ್ತಾಯಿತೆಂದು ಗುರುತು ಹಾಕಿಕೊಂಡು, ಹೀಗೆ ಕೇಳಬೇಕು:

```
SELECT max(created_at) FROM orders;
```

ಬರುವ ಉತ್ತರ ನಿನ್ನೆ ರಾತ್ರಿಯದಾಗಿದ್ದರೆ ಬ್ಯಾಕಪ್ ನಡೆಯುತ್ತಿದೆ. ಕಳೆದ ತಿಂಗಳದಾಗಿದ್ದರೆ, ಅಂದಿನಿಂದ ಇಂದಿನವರೆಗೆ ಬ್ಯಾಕಪ್ ಆಗಿಯೇ ಇಲ್ಲ.